ಕ್ಯಾಪ್ಶನ್ ಗೆದ್ದಿತೋ ಇಲ್ಲವೋ ಹೇಳಲು ಇನ್ನು ನಾಲ್ಕು ವಾರ

ಆತ್ಮೀಯ ಗ್ರಾಹಕರೇ, ನಮಸ್ಕಾರ.

ನಿಮ್ಮ ಫೇಸ್‌ಬುಕ್ ಪುಟಕ್ಕೆ ಎರಡು ಬಗೆಯ ಕ್ಯಾಪ್ಶನ್ ಶೆಡ್ಯೂಲ್ ಮಾಡಿ, ಮರುದಿನವೇ ಗೆದ್ದದ್ದು ಯಾವುದೆಂದು ತಿಳಿಸುತ್ತಿದ್ದೆವು. ಮುಂದಿನ ತಿಂಗಳಿಂದ ಆ 24 ಗಂಟೆಯ ತೀರ್ಪು ಇರುವುದಿಲ್ಲ. ಫಲಿತಾಂಶ ನಾಲ್ಕು ವಾರಕ್ಕೊಮ್ಮೆ ಬರುತ್ತದೆ. ತಿಂಗಳ ಚಾರ್ಜ್ 300 ರೂಪಾಯಿ ಏರುತ್ತದೆ. ಬೇಜಾರಾಗುತ್ತದೆ, ಗೊತ್ತು. ಕ್ಷಮಿಸಿ.

ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ಲೈಕ್ ಜಾಸ್ತಿ ಬಂದಿದ್ದು ಮೊದಲನೆಯದಕ್ಕೆ ಅಲ್ವಾ? ಮತ್ತೆ ಅದು ಗೆದ್ದಿಲ್ಲ ಅಂತೀರಲ್ಲ?"

ಒಂದು ಇಳಕಲ್ ಸೀರೆ ಅಂಗಡಿ ಅಂದುಕೊಳ್ಳಿ. ಮೊದಲ ಕ್ಯಾಪ್ಶನ್ ಬೆಲೆಯಿಂದಲೇ ಶುರು. ಎರಡನೆಯದು "ಅಮ್ಮನ ಪೆಟ್ಟಿಗೆಯಲ್ಲಿದ್ದ ಟೋಪ್ ತೆನೆ ಸೆರಗು ನೆನಪಿದೆಯಾ?" ಎಂದು. ಎರಡರಲ್ಲೂ wa.me ಲಿಂಕ್ ಇದೆ. ಒತ್ತಿದರೆ ವಾಟ್ಸಾಪ್‌ನಲ್ಲಿ ಒಂದಕ್ಕೆ "ಸೀರೆ-1", ಇನ್ನೊಂದಕ್ಕೆ "ಸೀರೆ-2" ಎಂದು ಮೊದಲೇ ಬರೆದಿರುತ್ತದೆ. ಹಾಗಾಗಿ ಅಂಗಡಿಗೆ ಬಂದ ವಿಚಾರಣೆ ಯಾವುದರಿಂದ ಎಂದು ಗೊತ್ತಾಗುತ್ತದೆ. ನಾವು ಎಣಿಸುವುದು ಇದನ್ನೇ. ಲೈಕ್ ಒತ್ತಿದವರೆಲ್ಲ ಸೀರೆ ಕೊಳ್ಳುವುದಿಲ್ಲ.

ಮೊದಲನೆಯದು 1,900 ಜನರಿಗೆ ತಲುಪಿ 19 ಮೆಸೇಜ್ ಬಂತು. ಎರಡನೆಯದು 1,200 ಜನರಿಗೆ ತಲುಪಿ 18 ಬಂತು. ಎಣಿಕೆಯಲ್ಲಿ ಮೊದಲನೆಯದು ಮುಂದೆ. ನೂರಕ್ಕೆ ಎಷ್ಟು ಎಂದು ನೋಡಿದರೆ 1 ಮತ್ತು 1.5, ಎರಡನೆಯದು ಮುಂದೆ. ಆದರೂ ಅದು ಗೆದ್ದಿತು ಎನ್ನಲಾಗದು. ಎರಡೂ ಕ್ಯಾಪ್ಶನ್ ನಿಜಕ್ಕೂ ಸರಿಸಮ ಇದ್ದರೂ, ಇಷ್ಟು ಅಂತರ ಐದು ಸಲಕ್ಕೆ ಒಂದು ಸಲ ಸುಮ್ನೆ ಬಂದುಬಿಡುತ್ತದೆ. ಇಂಥ ಅಂತರವನ್ನು ನಂಬಬೇಕಾದರೆ ಒಂದೊಂದೂ ಎಂಟು ಸಾವಿರದ ಹತ್ತಿರ ಜನರಿಗೆ ತಲುಪಬೇಕು. ಚಿಕ್ಕ ಪುಟಕ್ಕೆ ಅದು ಒಂದೆರಡು ದಿನದ ಕೆಲಸವಲ್ಲ. ನಾಲ್ಕು ವಾರ ಆದರೂ ಅಷ್ಟು ಆಗದಿದ್ದರೆ "ತೀರ್ಮಾನವಿಲ್ಲ" ಎಂದೇ ಬರೆಯುತ್ತೇವೆ. ಸುಳ್ಳು ವಿಜೇತನನ್ನು ನಂಬಿ ನೀವು ಬೂಸ್ಟ್‌ಗೆ ದುಡ್ಡು ಸುರಿಯುವುದು ನಮಗೆ ಬೇಡ.

ಸಮಯದ್ದೂ ಒಂದು ತಕರಾರಿದೆ. ಒಂದನ್ನು ಮಂಗಳವಾರ ಬೆಳಿಗ್ಗೆ, ಇನ್ನೊಂದನ್ನು ಶನಿವಾರ ಸಂಜೆ ಹಾಕಿದರೆ ಗೆದ್ದದ್ದು ಕ್ಯಾಪ್ಶನ್ನೋ ಶನಿವಾರವೋ? ಅದಕ್ಕೇ ಈಗ ಎರಡೂ ಸಂಜೆ 7ಕ್ಕೆ, ಮಂಗಳವಾರ ಮತ್ತು ಗುರುವಾರ. ಮರುವಾರ ದಿನ ಅದಲುಬದಲು. ಒಂದೇ ಫೋಟೋ ಎರಡು ಸಲ ಹಾಕಿದರೆ ಎರಡನೇ ಸಲ ಜನ ನೋಡದೆ ಮುಂದೆ ಹೋಗುತ್ತಾರೆ, ಹಾಗಾಗಿ ಪ್ರತಿ ಸಲ ಬೇರೆ ಸೀರೆ.

ಇನ್ನು ಆ 300 ರೂಪಾಯಿ. "ಮಷೀನೇ ಮಾಡುತ್ತೆ, ನಿಮಗೇನು ಖರ್ಚು?" ಎಂದು ಕೇಳಿದವರಿದ್ದಾರೆ. ಶೆಡ್ಯೂಲಿಂಗ್ ಟೂಲ್‌ಗೆ ಡಾಲರ್‌ನಲ್ಲಿ ಕಟ್ಟುತ್ತೇವೆ, ಅದೂ ಪುಟಕ್ಕಿಷ್ಟು ಎಂದು. ಮೇಲೆ 18% ಜಿಎಸ್‌ಟಿ. ಮಷೀನು ಹೊತ್ತಿಗೆ ಸರಿಯಾಗಿ ಪೋಸ್ಟ್ ಹಾಕುತ್ತದೆ, ನಿಜ. ಕ್ಯಾಪ್ಶನ್ ಬರೆಯುವುದು ನಾವು, ಈಗ ವಾರವಾರವೂ ಎರಡು. ಅದೂ ನಿಮ್ಮ ಅಂಗಡಿಯ ಮಾತಿನ ಧಾಟಿಯಲ್ಲೇ. ಇದರಲ್ಲಿ ನಮ್ಮನ್ನು ಮೀರಿಸುವವರು ಕಡಿಮೆ ಬಿಡಿ.

ಪರೀಕ್ಷೆ ಬೇಡ, ಒಂದೇ ಕ್ಯಾಪ್ಶನ್ ಸಾಕು ಎನ್ನುವವರು 25ರೊಳಗೆ ಒಂದು ಮೆಸೇಜ್ ಹಾಕಿ. ಹಳೆಯ ಚಾರ್ಜೇ ಮುಂದುವರಿಯುತ್ತದೆ.

ಇಂತಿ ನಿಮ್ಮ,
ಕ್ಯಾಪ್ಶನ್ ಬರೆಯುವ ನಾವು ಮೂವರು