ಒಂದು ಮೂಟೆ ಚೆರ್ರಿ, ನಾಲ್ಕು ಕಂತು

ಪ್ರೀತಿಯ ತಂಗಿ,

ಹಾಸನದ ಕ್ಯೂರಿಂಗ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಲಿಂಕ್ಡ್‌ಇನ್‌ನಲ್ಲಿ ಒಂದು ಲೇಖನಮಾಲೆ ಶುರುಮಾಡಬೇಕು ಅಂತ ಬರೆದಿದ್ದೀಯ. ‘ಕಾಫಿ ಗುಣಮಟ್ಟ’ ಅನ್ನೋ ಹೆಸರನ್ನು ಬಿಟ್ಟುಬಿಡು. ಅದರಡಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಓದಿದವರಿಗೆ ನಿನ್ನ ಕೈಕೆಲಸ ಏನೆಂದು ಗೊತ್ತಾಗುವುದಿಲ್ಲ. ನೀನು ದಿನವಿಡೀ ನೋಡುವುದು ರೋಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ತೇವಾಂಶ. ಅಷ್ಟನ್ನೇ ಹಿಡಿ. ಸಕಲೇಶಪುರದ ಬೆಳೆಗಾರನಿಗೂ ಬೆಂಗಳೂರಿನ ಖರೀದಿದಾರನಿಗೂ ದುಡ್ಡಿನ ಪ್ರಶ್ನೆ ಅದು.

ಮೊದಲ ಕಂತಿನಲ್ಲಿ ಒಂದೇ ಲೆಕ್ಕ ಇರಲಿ. ರೋಬಸ್ಟಾ ಚೆರ್ರಿಯನ್ನು ಶೇ. 11ರ ತೇವಕ್ಕೆ ಒಣಗಿಸಬೇಕು ಅನ್ನುವುದು ಕಾಫಿ ಮಂಡಳಿಯ ಮಾನದಂಡ. 50 ಕೆ.ಜಿ. ಮೂಟೆಯೊಂದು ಶೇ. 14ರಲ್ಲಿ ಬಂತು ಅಂದುಕೋ. ಮೂರು ಅಂಶ ಹೆಚ್ಚಿದೆ, ಹಾಗಾಗಿ ಒಂದೂವರೆ ಕೆ.ಜಿ. ಕಡಿಮೆಯಾಗುತ್ತದೆ ಎಂದು ಹೆಚ್ಚಿನವರು ಬಾಯಲ್ಲೇ ಹೇಳಿಬಿಡುತ್ತಾರೆ. ಸರಿಯಾದ ಲೆಕ್ಕ ಬೇರೆ. ಆ ಮೂಟೆಯಲ್ಲಿ ನೀರು 7 ಕೆ.ಜಿ., ಒಣ ಪದಾರ್ಥ 43 ಕೆ.ಜಿ. ಒಣಗಿಸಿದಾಗ ಹೋಗುವುದು ನೀರು ಮಾತ್ರ, ಆ 43 ಹಾಗೇ ಉಳಿಯುತ್ತದೆ. ಶೇ. 11ಕ್ಕೆ ಬಂದಾಗ ಆ 43 ಕೆ.ಜಿ. ಒಟ್ಟು ತೂಕದ ಶೇ. 89 ಆಗಬೇಕು. 43ನ್ನು 0.89ರಿಂದ ಭಾಗಿಸಿದರೆ 48.31 ಕೆ.ಜಿ. ಅಂದರೆ ಮೂಟೆಗೆ ಸುಮಾರು 1.69 ಕೆ.ಜಿ. ಹೋಯಿತು. ನೂರು ಮೂಟೆಯ ಲಾಟಿಗೆ ಬಾಯಿಲೆಕ್ಕಕ್ಕೂ ನಿಜಕ್ಕೂ ಸುಮಾರು ಹತ್ತೊಂಬತ್ತು ಕೆ.ಜಿ. ವ್ಯತ್ಯಾಸ.

ಇಲ್ಲೇ ನಿಲ್ಲಿಸಬೇಡ. ಈ ಲೆಕ್ಕದಿಂದ ಔಟ್‌ಟರ್ನ್, ಅಂದರೆ ಚೆರ್ರಿಯ ತೂಕದಲ್ಲಿ ಎಷ್ಟು ಬೀಜ ಸಿಗುತ್ತದೆ ಅನ್ನುವುದು, ಹೇಳಲು ಬರುವುದಿಲ್ಲ ಎಂದೂ ಬರೆ. ಸಿಪ್ಪೆಯಲ್ಲಿರುವ ತೇವವೂ ಬೀಜದಲ್ಲಿರುವ ತೇವವೂ ಒಂದೇ ಇರಬೇಕಿಲ್ಲ. ಮೇಲೆ ಗರಿಗರಿಯಾಗಿ ಒಣಗಿದ ಚೆರ್ರಿಯ ಒಳಗೆ ಬೀಜ ಇನ್ನೂ ಹಸಿಯಾಗಿರಬಹುದು. ಸ್ಯಾಂಪಲ್ ಸಿಪ್ಪೆ ಬಿಡಿಸಿ, ಬೀಜ ತೂಗಿದ ಮೇಲೆಯೇ ಔಟ್‌ಟರ್ನ್. ಲೆಕ್ಕ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಹೇಳುವವಳನ್ನು ಈ ದಂಧೆಯವರು ನಂಬುತ್ತಾರೆ. ನನ್ನ ಮಟ್ಟಿಗೆ ಇಡೀ ಮಾಲೆಯಲ್ಲಿ ಹೆಚ್ಚು ಬೆಲೆಬಾಳುವ ಭಾಗ ಇದೇ.

ಎರಡನೆಯ ಕಂತು ತೇವ ಅಳೆಯುವ ಮೀಟರಿನದ್ದು. ಕಣದಿಂದ ಆಗಷ್ಟೇ ಬಾಚಿ ತಂದ, ಬಿಸಿ ಆರದ ಕಾಫಿಗೆ ಮೀಟರ್ ಇಟ್ಟರೆ ಅಂಕಿ ದಾರಿ ತಪ್ಪಿಸುತ್ತದೆ. ಬೀಜದ ಸೆಟ್ಟಿಂಗಿನಲ್ಲಿ ಚೆರ್ರಿ ಅಳೆದರೂ ಅಷ್ಟೇ. ಅನುಮಾನ ಬಂದಾಗ ಅದೇ ಸ್ಯಾಂಪಲನ್ನು ಲ್ಯಾಬಿನ ಓವನ್‌ನಲ್ಲಿ ಒಣಗಿಸಿ, ಕಳೆದ ತೂಕದ ಜೊತೆ ಹೇಗೆ ತಾಳೆ ನೋಡುತ್ತೀಯೋ ಅದನ್ನು ಹಂತಹಂತವಾಗಿ ಬರೆ. ಮೂರನೆಯದು ಲಾಟಿನ ಯಾವ ಮೂಟೆಯಿಂದ ಸ್ಯಾಂಪಲ್ ತೆಗೆಯಬೇಕು ಎಂಬುದು, ನಾಲ್ಕನೆಯದು ಮಳೆಗಾಲದಲ್ಲಿ ಗೋದಾಮಿನ ಕಾಫಿ ಮತ್ತೆ ತೇವ ಎಳೆದುಕೊಳ್ಳುವುದು. ನಾಲ್ಕೇ ಸಾಕು. ಮೊದಲನೆಯದನ್ನು ಹಾಕುವ ಮುಂಚೆ ಮೂರು ಬರೆದಿಟ್ಟುಕೋ, ಇಲ್ಲದಿದ್ದರೆ ಕೊಯ್ಲಿನ ಗಡಿಬಿಡಿಯಲ್ಲಿ ಎರಡಕ್ಕೇ ನಿಂತುಹೋಗುತ್ತದೆ. ರೋಬಸ್ಟಾ ಕಣಕ್ಕೆ ಬೀಳುವ ಜನವರಿ–ಫೆಬ್ರವರಿಯಲ್ಲಿ ಹಾಕಿದರೆ ಓದುವವರ ಕೈಯಲ್ಲೂ ಅದೇ ಕೆಲಸ ಇರುತ್ತದೆ.

ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು ಕಣಮ್ಮ. ಎಸ್ಟೇಟಿನ ಹೆಸರು ತೆಗೆದರೆ ಸಾಲದು. ‘ಮೂಡಿಗೆರೆ ಕಡೆಯ ತೋಟ, ಇಂಥ ತಳಿ, ಇಷ್ಟು ಮೂಟೆ’ ಅಂದರೆ ನಮ್ಮ ಸೀಮೆಯಲ್ಲಿ ಅದು ಯಾರ ಕಾಫಿ ಎಂದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಅವರ ಕಾಫಿ ಹಸಿ ಎಂಬ ಮಾತು ಹಬ್ಬಿದರೆ ರೇಟು ಬೀಳುವುದು ಅವರಿಗೆ. ಅದಕ್ಕೇ ಮೇಲಿನಂಥ ದುಂಡು ಅಂಕಿಯ ಉದಾಹರಣೆ ಕಟ್ಟು, ಅದು ಕಟ್ಟಿದ ಲೆಕ್ಕ ಎಂದು ಅಲ್ಲೇ ಹೇಳು. ಲ್ಯಾಬಿನ ಪುಸ್ತಕದ ಒಂದು ಅಂಕಿಯನ್ನೂ ಮ್ಯಾನೇಜರ ಒಪ್ಪಿಗೆ ಇಲ್ಲದೆ ಮುಟ್ಟಬೇಡ.

ಸಣ್ಣ ಪೋಸ್ಟುಗಳಾಗಿ ಹಾಕಬೇಡ, ನಾಲ್ಕು ದಿನಕ್ಕೆ ಕೆಳಗೆ ಸರಿದುಹೋಗುತ್ತವೆ. Write article ಒತ್ತಿ ಲೇಖನವಾಗಿ ಪ್ರಕಟಿಸು, ಆಮೇಲೆ ನಾಲ್ಕನ್ನೂ ಪ್ರೊಫೈಲಿನ Featured ಭಾಗಕ್ಕೆ ಸೇರಿಸು. ಹೆಸರಿನ ಕೆಳಗಿನ ಸಾಲಿನಲ್ಲೂ ‘ರೋಬಸ್ಟಾ ಚೆರ್ರಿ ತೇವಾಂಶ, ಔಟ್‌ಟರ್ನ್ ಪರೀಕ್ಷೆ’ ಎಂದೇ ಇರಲಿ. ಪ್ರೊಫೈಲ್ ತೆರೆದ ಖರೀದಿದಾರನಿಗೆ ಮೇಲಿನ ಸಾಲೂ ಕೆಳಗಿನ ಲೇಖನಗಳೂ ಒಂದೇ ಮಾತು ಹೇಳಬೇಕು.

ಮೊದಲ ಕಂತಿನ ಕರಡನ್ನು ನನಗಿಂತ ಮುಂಚೆ ನಿಮ್ಮಲ್ಲಿ ಸ್ಯಾಂಪಲ್ ತೆಗೆಯುವ ಹಿರಿಯರಿಗೆ ಓದಿ ಹೇಳು. ಅವರು ಎಲ್ಲಿ ತಡೆದು ‘ಇದು ಹಾಗಲ್ಲ’ ಅಂದರು ಎನ್ನುವುದನ್ನು ಅಂಚಿನಲ್ಲಿ ಗುರುತು ಮಾಡಿ ನನಗೆ ಕಳಿಸು.

ಇತಿ,
ನಿನ್ನ ಅಣ್ಣ
ಚಿಕ್ಕಮಗಳೂರು