ಬಾಟಲಿ ಹಿಡಿದು ನಿಂತ ಅಣ್ಣನಿಗೆ

ಊರಿನ ರೈತರೇ, ಪಶು ಆಸ್ಪತ್ರೆಯ ಕೆಲಸದಿಂದ ಈ ತಿಂಗಳು ನಿವೃತ್ತನಾಗುತ್ತಿದ್ದೇನೆ. ಹೋಗುವ ಮುಂಚೆ ಒಬ್ಬರಿಗೆ ಥ್ಯಾಂಕ್ಸ್ ಹೇಳಲೇಬೇಕು. ಅವರ ಹೆಸರು ನನಗೆ ಗೊತ್ತಿಲ್ಲ.

ಅಂದು ರಾತ್ರಿ, ಹಿಂದಿನ ದಿನವಷ್ಟೇ ಕರು ಹಾಕಿದ್ದ ಹಸು ಏಳಲಾರದೆ ಮಲಗಿತ್ತು. ಕಿವಿ ತಣ್ಣಗಿತ್ತು, ಕುತ್ತಿಗೆ ಪಕ್ಕೆಗೆ ತಿರುಗಿತ್ತು. ಹಾಲು ಜ್ವರ. ರಕ್ತದ ಕ್ಯಾಲ್ಸಿಯಂ ಹಾಲಿಗೆ ಹೋಗಿ ಹೀಗಾಗುತ್ತದೆ. ಡಾಕ್ಟರು ಫೋನಿನಲ್ಲಿ ಹೇಳಿದಂತೆ 450 ಮಿಲಿ ಕ್ಯಾಲ್ಸಿಯಂ ಕುತ್ತಿಗೆಯ ರಕ್ತನಾಳಕ್ಕೆ ಕೊಡಬೇಕಿತ್ತು. ಬೇಗ ಏರಿಸಿದರೆ ಹೃದಯವೇ ನಿಲ್ಲಬಹುದು.

ದಾರಿಯಲ್ಲಿ ಹೋಗುತ್ತಿದ್ದವರು ನೀವು, ಅಲ್ವಾ? ಬಾಟಲಿಯನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡಿದಿರಿ. ಹಸು ಪಕ್ಕಕ್ಕೆ ಉರುಳದಂತೆ ಹುಲ್ಲಿನ ಚೀಲ ಒತ್ತುಕೊಟ್ಟಿರಿ. ನಾನು ಎದೆಬಡಿತ ಕೇಳುತ್ತಾ ‘ಇಳಿಸಿ’ ಅಂದಾಗೆಲ್ಲ ಬಾಟಲಿ ತಗ್ಗಿಸಿದಿರಿ. ಹಸು ತೇಗಿತು, ಸಗಣಿ ಹಾಕಿತು. ಆಗ ನನಗೆ ಉಸಿರು ಬಂತು! ಅದು ಎದ್ದು ನಿಲ್ಲುವಷ್ಟರಲ್ಲಿ ನೀವು ಹೋಗಿದ್ದಿರಿ.

ಅಣ್ಣಾ, ತಿಂಗಳ ಕೊನೆಯವರೆಗೂ ಆಸ್ಪತ್ರೆಯಲ್ಲೇ ಇರುತ್ತೇನೆ. ಒಮ್ಮೆ ಬನ್ನಿ, ಟೀ ಕುಡಿಯೋಣ.