ಮೊಬೈಲಿನಲ್ಲಿರುವ ದಾಖಲೆಯೂ ದಾಖಲೆಯೇ: ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಗೃಹ ಸಚಿವರಲ್ಲಿ ವಿಜ್ಞಾಪನೆಗಳು.

ನಾನು ಹದಿನೆಂಟು ವರ್ಷಗಳಿಂದ ದ್ವಿಚಕ್ರ ವಾಹನ ಓಡಿಸುತ್ತಿದ್ದೇನೆ, ವಿಮೆಯನ್ನು ಒಂದು ದಿನವೂ ತಪ್ಪಿಸಿಲ್ಲ. ಆದರೂ ಕಾಗದದ ಪ್ರತಿ ಇಲ್ಲವೆಂಬ ಕಾರಣಕ್ಕೆ ರಸ್ತೆ ಬದಿಯಲ್ಲಿ ನಿಲ್ಲುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ಕಳೆದ ಮಳೆಗಾಲದಲ್ಲಿ, ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಅಮ್ಮನನ್ನು ಕರೆದೊಯ್ಯುವಾಗ ಸಂಚಾರ ಪೊಲೀಸರು ತಪಾಸಣೆಗೆ ತಡೆದರು. ಸೀಟಿನಡಿಯಲ್ಲಿದ್ದ ಹೊಗೆ ತಪಾಸಣೆ ಪ್ರಮಾಣಪತ್ರ ನೆನೆದು, ಶಾಯಿ ಹರಡಿ, ದಿನಾಂಕವೇ ಕಾಣದಂತಾಗಿತ್ತು. ಹಾಗಾಗಿ ಡಿಜಿಲಾಕರ್ ತೆರೆದು ಆರ್‌ಸಿ, ವಿಮೆ, ಹೊಗೆ ತಪಾಸಣೆ ಮೂರನ್ನೂ ತೋರಿಸಿದೆ. ಮೂರರ ಅವಧಿಯೂ ಮುಗಿದಿರಲಿಲ್ಲ. "ಮೊಬೈಲ್ ಬೇಡ, ಒರಿಜಿನಲ್ ಕೊಡಿ" ಎಂದು ಕೀಲಿ ಕಿತ್ತುಕೊಂಡರು. ಒಂದೂವರೆ ಗಂಟೆ ಅಮ್ಮ ಫುಟ್‌ಪಾತಿನ ಕಟ್ಟೆಯ ಮೇಲೆ ಕುಳಿತಿದ್ದರು. ಅಂದಿನ ಸರದಿ ತಪ್ಪಿ, ಶಸ್ತ್ರಚಿಕಿತ್ಸೆ ಮೂರು ವಾರ ಮುಂದಕ್ಕೆ ಹೋಯಿತು.

ನಿಯಮ ತಮಗೆ ತಿಳಿಯದ್ದೇನಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ 2018ರಲ್ಲಿ ತಂದ ತಿದ್ದುಪಡಿಯಂತೆ ಈ ದಾಖಲೆಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲೂ ತೋರಿಸಬಹುದು. 2020ರ ಅಕ್ಟೋಬರ್ 1ರಿಂದ, ವಿವರಗಳು ಆನ್‌ಲೈನಿನಲ್ಲಿ ತಾಳೆಯಾದರೆ ಕಾಗದವನ್ನು ಕೇಳಲೇಬಾರದು. ಗ್ಯಾಲರಿಯಲ್ಲಿಟ್ಟ ಫೋಟೊವನ್ನು ಒಪ್ಪಿ ಎಂದು ನಾನು ಕೇಳುತ್ತಿಲ್ಲ, ಅದನ್ನು ಯಾರು ಬೇಕಾದರೂ ತಿದ್ದಬಹುದು. ನನ್ನ ವಾಹನದ ಸಂಖ್ಯೆಯನ್ನು ಅವರದೇ ಯಂತ್ರದಲ್ಲಿ ಒತ್ತಿ ನೋಡಿದ್ದರೆ ಸಾಕಿತ್ತು.

ಕಾಗದ ಜೊತೆಯಲ್ಲಿಲ್ಲದಿರುವುದು ಬೇರೆ, ವಿಮೆಯೇ ಇಲ್ಲದಿರುವುದು ಬೇರೆ. ವಿಮೆಯಿಲ್ಲದೆ ಓಡಿಸಿದರೆ ಮೊದಲ ಸಲ ಕಾಯ್ದೆಯ ಪ್ರಕಾರ 2,000 ರೂಪಾಯಿ ದಂಡ, ಮೂರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಉಂಟು; ಅಪಘಾತವಾದರಂತೂ ಗಾಯಗೊಂಡವರ ಪರಿಹಾರವನ್ನು ಮಾಲೀಕನೇ ಮನೆ ಮಾರಿಯಾದರೂ ಕೊಡಬೇಕಾದೀತು. ಹೊಗೆಯ ಮಿತಿ ಮೀರಿದ ವಾಹನಕ್ಕೆ 10,000 ರೂಪಾಯಿವರೆಗೆ ದಂಡವಿದೆ, ಮೂರು ತಿಂಗಳು ಲೈಸೆನ್ಸಿಗೂ ಕುತ್ತು ಬರುತ್ತದೆ. ಇಂಥವರನ್ನು ಹಿಡಿಯಿರಿ, ನನ್ನ ತಕರಾರಿಲ್ಲ. ಆದರೆ ಎಲ್ಲವೂ ಸರಿಯಿದ್ದವನನ್ನು, ಹಾಳೆಯೊಂದು ನೆನೆಯಿತೆಂದು, ಅವರ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ ಸ್ವಾಮಿ?

ನನ್ನ ಬೇಡಿಕೆ ಒಂದೇ. ಕಾಗದ ಕೇಳುವ ಮೊದಲು ವಾಹನದ ಸಂಖ್ಯೆ ಹಾಕಿ ತಾಳೆ ನೋಡಬೇಕೆಂದು ಪ್ರತಿಯೊಂದು ಸಂಚಾರ ಠಾಣೆಗೂ ಲಿಖಿತ ಸುತ್ತೋಲೆ ಕಳುಹಿಸಿ. ಬಾಯಿಮಾತಿನ ಸೂಚನೆ ಬೇಡ, ಲಿಖಿತ ಸುತ್ತೋಲೆಯೇ ಬೇಕು. ಅದರ ಪ್ರತಿಯನ್ನು ಕನ್ನಡದಲ್ಲಿ ಪ್ರಕಟಿಸಿ. ಮುಂದಿನ ಸಲ ತಡೆದಾಗ ಅದನ್ನು ತೋರಿಸುತ್ತೇನೆ, ಬೇಕಿದ್ದರೆ ಕಾಗದದಲ್ಲೇ.

ತಮ್ಮ ವಿಶ್ವಾಸಿ,
ಒಬ್ಬ ವಾಹನ ಸವಾರ